ಮೂರನೇ ಹಂತ

ಕಚೇರಿಯನ್ನು ಅಂಗವಿಕಲರಿಗೆ ಅನುಕೂಲವಾಗುವಂತೆ ಬದಲಿಸಲು ಮೂರು ವರ್ಷದ ಬಜೆಟ್ ಬರೆದವನು ಮ್ಯಾನೇಜರ್ ಹಾಲಸ್ವಾಮಿ. ಮೊದಲ ವರ್ಷ ಮುಂಬಾಗಿಲಿಗೆ ಗ್ರಾನೈಟ್ ಹಾಸಿದ ಇಳಿಜಾರು, ಎರಡನೇ ವರ್ಷ ಸಭಾಂಗಣ, ಮೂರನೇ ವರ್ಷ ಶೌಚಾಲಯ. ತಪಾಸಣೆಗೆ ಬರುವ ಬೆಂಗಳೂರಿನ ಸಾಹೇಬರ ಕಣ್ಣಿಗೆ ಮೊದಲು ಬೀಳುವುದು ಮೊದಲು ಆಗಬೇಕು, ಅವನ ತರ್ಕ ಅಷ್ಟೇ. ಆ ಕಚೇರಿಯೊಳಗೆ ಗಾಲಿಕುರ್ಚಿಯಲ್ಲಿ ಓಡಾಡುವವಳು ಒಬ್ಬಳೇ, ಭದ್ರಾವತಿಯಿಂದ ವರ್ಗವಾಗಿ ಬಂದ ಟೈಪಿಸ್ಟ್ ಶಮೀಮ್. ಆ ಬಜೆಟ್ಟನ್ನು ಟೈಪ್ ಮಾಡಿದವಳೂ ಅವಳೇ. ಅವಳನ್ನು ಒಂದು ಮಾತು ಕೇಳಬೇಕೆಂದು ಈ ಮಹಾಶಯನಿಗೆ ಹೊಳೆಯಲೇ ಇಲ್ಲ.

ಇಳಿಜಾರಿನ ಉದ್ಘಾಟನೆಯ ದಿನ ಶಮೀಮಳ ಕೈಯಿಂದಲೇ ಟೇಪಿಗೆ ಕತ್ತರಿ ಹಾಕಿಸಿದರು, ಫೋಟೋ ತೆಗೆಸಿದರು. ಹಾಲಸ್ವಾಮಿ ಗಾಂಧಿ ಬಜಾರಿನಿಂದ ತರಿಸಿದ್ದ ಬಾದಾಮಿ ಹಾಲನ್ನು ತಾನೇ ಅವಳತ್ತ ಹಿಡಿದ. ಅವಳು ಬೇಡವೆಂದಳು.

"ರಂಜಾನ್ ಮುಗೀತಲ್ಲಮ್ಮ, ಇವತ್ತೆಂಥ ಉಪವಾಸ?" ಎಂದು ಎಲ್ಲರೆದುರು ನಕ್ಕ.

"ಉಪವಾಸ ಅಲ್ಲ ಸಾರ್. ಆಫೀಸಿಗೆ ಬರೋ ದಿನ ನಾನು ನೀರೂ ಕುಡಿಯಲ್ಲ. ಕುಡಿದ್ರೆ ಹೋಗೋದೆಲ್ಲಿಗೆ? ಟಾಯ್ಲೆಟ್ ಬಾಗಿಲಲ್ಲಿ ಈ ಕುರ್ಚಿ ಹಿಡಿಯಲ್ವಲ್ಲ."

ಹಾಲಸ್ವಾಮಿಯ ನಗು ಮುಖದಲ್ಲೇ ಒಣಗಿತು. ಗ್ರಾನೈಟಿಗೆ ಸುರಿದ ದುಡ್ಡಿನಲ್ಲಿ ಆ ಬಾಗಿಲನ್ನು ಅಗಲ ಮಾಡಿ, ಕಮೋಡ್ ಕೂರಿಸಿ, ಹಿಡಿಕೆಯನ್ನೂ ಹಾಕಿಸಬಹುದಿತ್ತು.

"ಟೈಪ್ ಮಾಡೋವಾಗ್ಲೇ ಹೇಳಬಾರದಿತ್ತೇನಮ್ಮ?" ಅವನ ಸ್ವರ ಕುಗ್ಗಿತ್ತು.

"ನೀವು ಕೇಳ್ಲಿಲ್ಲ ಸಾರ್," ಎಂದಳು ಶಮೀಮ್. ಅವನ ಮುಖ ನೋಡಿ ಅವಳಿಗೇ ಕನಿಕರ ಬಂತೇನೋ, ಸಮಾಧಾನ ಹೇಳುವವಳಂತೆ ಸೇರಿಸಿದಳು: "ಇನ್ನೆರಡು ವರ್ಷ ತಾನೇ ಸಾರ್? ತಡ್ಕೋತೀನಿ."