ದಿನಕ್ಕೆ ಮೂರು ಮಾತು

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಹನ್ನೊಂದು ವರ್ಷ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸಿದವಳಿಗೆ ಬಾಯಿ ಇದೆ ಎಂಬುದೇ ಗಿರಾಕಿಗಳಿಗೆ ಗೊತ್ತಿರಲಿಲ್ಲ. ಮುಂದಿನ ಕೌಂಟರಿನಿಂದ ಗೋಡೆಯ ಸಣ್ಣ ಕಿಂಡಿಯಲ್ಲಿ ಚೀಟಿ ಬರುತ್ತಿತ್ತು, ಅದರಲ್ಲಿ ಅಳತೆ. ಅವಳು ಗಾಜು ಹಾಕಿ, ಅದೇ ಚೀಟಿಯ ಬೆನ್ನಿಗೆ 'ಆಯಿತು' ಎಂದು ಬರೆದು ಹೊರಗೆ ತಳ್ಳುತ್ತಿದ್ದಳು. ಇಷ್ಟಾದರೆ ಅದು ಕೆಲಸದ ರೀತಿ ಅನ್ನಬಹುದಿತ್ತು. ಆದರೆ ಈ ಮಹರಾಯಿತಿ ತರಕಾರಿಯವನಿಗೂ ಚೀಟಿಯನ್ನೇ ಚಾಚುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಚೀಟಿಯಕ್ಕ ಎಂದೇ ಕರೆಯುತ್ತಿದ್ದರು.

ಬೇರೆ ಮಾತೇನಾದರೂ ಆಡಬೇಕಾಗಿ ಬಂದರೆ ಚಿಕ್ಕಮ್ಮ ಇದ್ದಳು. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತಿಯಾದವಳು. ಅವಳ ಗಂಟಲಿಗೆ ಮಾತ್ರ ಇನ್ನೂ ನಿವೃತ್ತಿಯ ಕಾಗದ ತಲುಪಿರಲಿಲ್ಲ. "ಇವಳಿಗೆ ತಲೆನೋವು," "ಇವಳಿಗೆ ನೀಲಿದು ಬೇಡ," ಎಂದು ಪಕ್ಕದಲ್ಲಿ ನಿಂತು ಎಲ್ಲವನ್ನೂ ಅವಳೇ ಹೇಳಿಬಿಡುತ್ತಿದ್ದಳು. ಚೀಟಿಯಕ್ಕನಿಗೂ ಅದೇ ಹಿತವಾಗಿತ್ತು.

ಹೀಗಿರುವಾಗ ಕೌಂಟರಿನಲ್ಲಿದ್ದ ಹೆಂಗಸು ಕೆಲಸ ಬಿಟ್ಟಳು. ಮಾಲೀಕರು ಕಿಂಡಿಯಲ್ಲಿ ಮುಖ ತೂರಿಸಿ ಹೇಳಿದರು: "ನೋಡಮ್ಮಾ, ಇಬ್ಬರನ್ನ ಇಟ್ಕೊಳ್ಳೋ ಕಾಲ ಮುಗೀತು. ಒಂದನೇ ತಾರೀಖಿನಿಂದ ನೀನೇ ಮುಂದೆ ಕೂತು ಹಿಂದಿನದೂ ನೋಡ್ಕೋಬೇಕು. ಆಗಲ್ಲ ಅಂದ್ರೆ ಎರಡೂ ಬಲ್ಲವರನ್ನ ಹುಡುಕ್ತೀನಿ. ಈ ತಿಂಗಳ ಕೊನೇ ಶನಿವಾರ ಒಂದು ದಿನ ಕೂರಿಸಿ ನೋಡೋಣ."

ಗಾಜಿನ ಕೆಲಸ ಬಿಟ್ಟರೆ ಅವಳಿಗೆ ಬೇರೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮನೆಗೆ ಬಂದು ಅತ್ತಳು.

"ಅಳೋಕಾದ್ರೂ ಬಾಯಿ ತೆಗೆದ್ಯಲ್ಲ, ಸಂತೋಷ," ಎಂದಳು ಚಿಕ್ಕಮ್ಮ. "ಇನ್ನೂ ಮೂರು ವಾರ ಇದೆ. ನಾಳೆಯಿಂದ ದಿನಕ್ಕೆ ಮೂರು ಮಾತು. ಒಂದು ಅಂಗಡಿಯವರ ಹತ್ರ, ಒಂದು ಬಸ್ ಡ್ರೈವರ್ ಹತ್ರ, ಒಂದು ಅಕ್ಕಪಕ್ಕದವರ ಹತ್ರ. ತಪ್ಪಿದ್ರೂ ಯಾರ ಗಂಟೂ ಹೋಗದಂಥ ಮಾತು. ಕೇಳಿದ ಮೇಲೆ ಓಡಿಬರಬಾರದು, ಉತ್ತರ ಬರೋವರೆಗೂ ನಿಲ್ಲಬೇಕು. ಎಲ್ಲಿ, ಆ ಚೀಟಿ ಪುಸ್ತಕ ಇತ್ಲಾಗೆ ಕೊಡು."

"ಚೀಟಿ ಇಲ್ದೆ ಹೇಗೆ ಚಿಕ್ಕಮ್ಮಾ?"

"ಎಲ್ಲರೂ ಇರೋ ಹಾಗೆ."

ಚೀಟಿ ಹೋದರೇನು, ತಲೆ ಇತ್ತಲ್ಲ. ಅವಳು ರಾತ್ರಿಯೇ ಮೂರು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋದಳು. ತರಕಾರಿಯವನ ಮುಂದೆ ನಿಂತು, "ಚೆನ್ನಾಗಿದ್ದೀರಾ? ಟೊಮೇಟೊ ಇವತ್ತಿನದ್ದಾ?" ಎಂದಳು. ಅವನು, "ಟೊಮೇಟೊ ಖಾಲಿಯಾಯ್ತಕ್ಕಾ, ಲಾರಿನೇ ಬಂದಿಲ್ಲ," ಎಂದ. "ಹಾಗಾದ್ರೆ ಅರ್ಧ ಕೆಜಿ ಕೊಡಿ," ಎಂದಳು ಇವಳು. ಅವನು ಖಾಲಿ ಬುಟ್ಟಿಯನ್ನೂ ಇವಳನ್ನೂ ಮಿಕಮಿಕ ನೋಡಿದ. ನೆಲ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

ಮನೆಗೆ ಬಂದು ಹೇಳಿದಾಗ ಚಿಕ್ಕಮ್ಮ ಹೊಟ್ಟೆ ಹಿಡಿದು ನಕ್ಕಳು. ನಕ್ಕು ಸಾಕಾದ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು: "ಅಲ್ವೇ, ಎಲ್ಲಿಗೆ ಅಂತ ಪ್ಯಾಸೆಂಜರು ಹೇಳೋಕ್ಮುಂಚೆ ನಾನು ಟಿಕೆಟ್ ಹರಿದುಬಿಟ್ರೆ ಆಗುತ್ತಾ? ಮೊದಲನೇ ಮಾತು ಮಾತ್ರ ನಿಂದು. ಎರಡನೇದು ಎದುರಿನವರು ಹೇಳಿದ್ದರಲ್ಲೇ ಇರುತ್ತೆ, ಹುಡುಕ್ಕೋ. ನಿನ್ನ ಧ್ವನಿ ಹೇಗಿದೆ ಅಂತ ಕೇಳಿಸ್ಕೋಬೇಡ, ಅವರದ್ದು ಕೇಳಿಸ್ಕೋ."

ಮಾರನೆಯ ದಿನ ಅದೇ ತರಕಾರಿಯವನ ಹತ್ತಿರವೇ ಹೋಗಬೇಕೆಂದು ಆಜ್ಞೆಯಾಯಿತು. ಹೋದಳು. "ಲಾರಿ ಬಂತಾ?" ಎಂದು ಕೇಳಿದಳು. ಅಷ್ಟೇ ಕೇಳಿದ್ದು. ಅವನು ಲಾರಿಯ ಟೈರು ಒಡೆದ ಕಥೆಯನ್ನು ಐದು ನಿಮಿಷ ಹೇಳಿದ. "ಅಯ್ಯೋ, ಆಮೇಲೆ?" ಎಂಬುದು ಅವಳ ಬಾಯಿಂದ ತಾನಾಗಿ ಬಂತು. ಅದು ಬಾಯಿಪಾಠದ್ದಾಗಿರಲಿಲ್ಲ.

ಎಲ್ಲವೂ ಹೀಗೆ ಬೆಣ್ಣೆಯಂತೆ ಜಾರಲಿಲ್ಲ. ಕೆಳಗಿನ ಮನೆಯ ಹೆಂಗಸಿಗೆ, "ಗಿಡ ಚೆನ್ನಾಗಿ ಬಂದಿದೆ," ಎಂದರೆ ಆಕೆ ಮುಖ ತಿರುಗಿಸಿ ಒಳಗೆ ಹೋದಳು. ಇವಳು ಇಡೀ ದಿನ ಕುಗ್ಗಿಹೋದಳು. ಎರಡು ದಿನ ಬಿಟ್ಟು ಆಕೆಯೇ ಊದಿದ ಕೆನ್ನೆ ಹಿಡಿದುಕೊಂಡು ಮೇಲೆ ಬಂದು, "ಹಲ್ಲುನೋವಮ್ಮಾ, ಅವತ್ತು ಬಾಯಿ ತೆಗೆಯೋಕೇ ಆಗ್ಲಿಲ್ಲ," ಎಂದು ಒಂದು ಗಿಡದ ಕುಂಡವನ್ನೇ ಕೊಟ್ಟುಹೋದಳು. ಎಲ್ಲರ ಮೌನವೂ ತನ್ನಿಂದಲೇ ಅಲ್ಲ ಎಂದು ಚೀಟಿಯಕ್ಕನಿಗೆ ಆವತ್ತು ತಿಳಿಯಿತು.

ಬಸ್ಸಿನಲ್ಲಿ ಮೊದಲ ವಾರ ಡ್ರೈವರಿಗೆ, "ಹೋಗುತ್ತಾ?" ಎಂದಷ್ಟೇ ಕೇಳುತ್ತಿದ್ದಳು. ಎರಡನೆಯ ವಾರ, ಹತ್ತುವಾಗ ಮುಗ್ಗರಿಸಿದ ಸಿಟ್ಟಿನಲ್ಲಿ, "ಈ ಏಳನೇ ನಂಬರ್ ಬಸ್ಸಿನ ಮೆಟ್ಟಿಲು ಯಾಕಿಷ್ಟು ಎತ್ತರ?" ಎಂದು ಕೇಳಿಯೇಬಿಟ್ಟಳು. ಡ್ರೈವರ್ ನಕ್ಕು, "ನಾನೂ ಹತ್ತು ವರ್ಷದಿಂದ ಅದನ್ನೇ ಕೇಳ್ತಿದ್ದೀನಿ ಕಣಮ್ಮಾ. ಇಳಿಯೋವಾಗ ಇನ್ನೂ ಹುಷಾರು," ಎಂದ. ಆಮೇಲೆ ದಿನವೂ ಅವನೇ ಮೊದಲು ಮಾತಾಡಿಸುತ್ತಿದ್ದ.

ಈ ಮೂರು ವಾರ ನಿಜವಾದ ಶಿಕ್ಷೆ ಆದದ್ದು ಚಿಕ್ಕಮ್ಮನಿಗೆ. ಔಷಧಿ ಅಂಗಡಿಯಲ್ಲಿ ಇವಳು ಪದ ಹುಡುಕುತ್ತ ನಿಂತಾಗ ಅವಳು ತುಟಿ ಕಚ್ಚಿ ಬಾಗಿಲಾಚೆ ನೋಡುತ್ತಿದ್ದಳು. ಒಮ್ಮೆ ತಡೆಯಲಾರದೆ, "ಇವಳಿಗೆ—" ಎಂದು ಶುರುಮಾಡಿದಳು. ಚೀಟಿಯಕ್ಕ ಅವಳ ಕೈ ಹಿಡಿದು ಅದುಮಿ, "ನಾನು ಹೇಳ್ತೀನಿ," ಎಂದಳು. ಆವತ್ತು ಚಿಕ್ಕಮ್ಮನಿಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಕೆಲಸ ಕಳೆದುಕೊಂಡವಳ ಸಂಕಟ.

ಶನಿವಾರ ಬಂತು. ಚೀಟಿಯಕ್ಕ ಕೌಂಟರಿನಲ್ಲಿ ಕೂತಳು. ಮಾಲೀಕರು ಮೂಲೆಯಲ್ಲಿ ಪತ್ರಿಕೆ ಹಿಡಿದು ಕೂತರು. ಒಂದು ಪುಟವನ್ನೂ ಅವರು ತಿರುವಲಿಲ್ಲ. ಮೊದಲು ಬಂದವರು ಒಬ್ಬ ಮುದುಕರು. ಗದ್ದವನ್ನು ಎದೆಗೆ ಒತ್ತಿಕೊಂಡು ಬಂದು, ಮಾತಾಡದೆ ಒಂದು ಚೀಟಿಯನ್ನು ಕೌಂಟರಿನ ಮೇಲೆ ತಳ್ಳಿದರು. 'ಕನ್ನಡಕ ಸರಿಯಿಲ್ಲ. ಬೇರೆ ಗಾಜು ಹಾಕಿ.'

ಹನ್ನೊಂದು ವರ್ಷದ ಅಭ್ಯಾಸಕ್ಕೆ ಅವಳ ಕೈ ತಾನಾಗಿ ಪೆನ್ನಿನ ಕಡೆ ಹೋಯಿತು. ಚೀಟಿಯ ಬೆನ್ನಿಗೆ 'ಆಯಿತು' ಎಂದು ಬರೆದು ಅದೇ ಅಳತೆಯ ಗಾಜನ್ನೇ ಇನ್ನೊಮ್ಮೆ ಹಾಕಿದರೆ ಮುಗಿಯಿತು. ಅಷ್ಟರಲ್ಲಿ ಮುದುಕರ ಬೆರಳು ನಡುಗುತ್ತಿರುವುದು ಕಂಡಿತು. ಆ ನಡುಕದ ಗುರುತು ಅವಳಿಗಲ್ಲದೆ ಇನ್ಯಾರಿಗೆ ಸಿಗಬೇಕು? ಚೀಟಿಯನ್ನು ಪಕ್ಕಕ್ಕೆ ಸರಿಸಿದಳು.

"ಯಾವ ಬಸ್ಸಲ್ಲಿ ಬಂದ್ರಿ ತಾತಾ?"

ಅವಳು ಕಾದಳು. ಮಾಲೀಕರು ಕೆಮ್ಮಿದರು. ಅವಳು ಇನ್ನೂ ಕಾದಳು.

"ಏಳು," ಎಂದರು ಮುದುಕರು.

"ಅಯ್ಯೋ, ಆ ಮೆಟ್ಟಿಲು! ನಾನೇ ಒಂದಿನ ಬೀಳ್ತಿದ್ದೆ."

"ಹತ್ತೋದು ಹೇಗೋ ಆಗುತ್ತಮ್ಮಾ," ಎಂದು ಅವರು ಮೆಲ್ಲಗೆ ಶುರುಮಾಡಿದರು. "ಇಳಿಯೋವಾಗಲೇ ಜೀವ ಬಾಯಿಗೆ ಬರುತ್ತೆ. ನೆಲ ಎಲ್ಲಿದೆ ಅಂತಾನೇ ತಿಳಿಯಲ್ಲ. ನಡೆಯೋವಾಗ್ಲೂ ಕಣ್ಣ ಮುಂದೆ ಒಂದು ಗೆರೆ."

"ಪೇಪರ್ ಓದೋಕೆ?"

"ಅದು ಚೆನ್ನಾಗಿ ಕಾಣುತ್ತೆ."

ಹಾಗಾದರೆ ಗಾಜಿನ ತಪ್ಪಲ್ಲ! ಇದು ಎರಡು ಭಾಗದ ಗಾಜು, ಕೆಳಗಿರಬೇಕಾದ ಓದುವ ಭಾಗ ಮೇಲಕ್ಕೆ ಕೂತಿದೆ. ಅದರ ಗೆರೆ ತಪ್ಪಿಸಿ ನೋಡಲೆಂದೇ ಪಾಪ ಗದ್ದ ಎದೆಗೊತ್ತಿಕೊಂಡು ನಡೆಯುತ್ತಿದ್ದಾರೆ. ಚೀಟಿಯಲ್ಲಿ ಅಳತೆ ಬರುತ್ತದೆ, ಮೂಗು ಬರುವುದಿಲ್ಲವಲ್ಲ. ಅವಳು ಕನ್ನಡಕ ತೆಗೆದುಕೊಂಡು, ಮೂಗಿನ ಮೇಲೆ ಕೂರುವ ಎರಡು ಪುಟ್ಟ ಮೆತ್ತೆಗಳನ್ನು ಇಕ್ಕಳದಿಂದ ಕೊಂಚ ಅಗಲಿಸಿ, ತಿರುಗಿ ಅವರಿಗೆ ಹಾಕಿ ನೋಡಿದಳು. ಚೌಕಟ್ಟು ಒಂದಿಷ್ಟು ಕೆಳಗಿಳಿಯಿತು.

"ಈಗ ನೇರ ನೋಡಿ. ಗೆರೆ ಅಡ್ಡ ಬರುತ್ತಾ? ಮೆಟ್ಟಿಲು ಇಳಿಯೋವಾಗ ಮಾತ್ರ ಗದ್ದ ಕೆಳಗೆ ಮಾಡಿ, ಮೇಲಿನ ಭಾಗದಿಂದ ನೋಡಬೇಕು."

ಮುದುಕರ ಗದ್ದ ಮೆಲ್ಲಗೆ ಮೇಲೆದ್ದಿತು. ಅಂಗಡಿಯ ಬಾಗಿಲಲ್ಲಿದ್ದ ಎರಡು ಮೆಟ್ಟಿಲನ್ನು ಇಳಿದು, ಹತ್ತಿ, ಮತ್ತೆ ಇಳಿದರು. ಅಲ್ಲಿಂದಲೇ ಇಡೀ ಬೀದಿಗೆ ಕೇಳುವ ಹಾಗೆ, "ಬರ್ತೀನಮ್ಮಾ!" ಎಂದರು.

ಮಾಲೀಕರು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಗೋಡೆಯ ಕಿಂಡಿಯಿಂದ ಒಂದು ಚೀಟಿ ಹೊರಗೆ ಬಂತು. 'ಒಂದನೇ ತಾರೀಖಿನಿಂದ ನೀನೇ ಕೂತ್ಕೋ. ಕೆಲಸ ಚೆನ್ನಾಗಿತ್ತು.'

ಅವಳು ಎರಡು ಸಲ ಓದಿದಳು. ಕಣ್ಣು ತುಂಬಿ ಬಂತು, ನಗುವೂ ಬಂತು. ಚೀಟಿಯನ್ನು ಮಡಿಸಿ ಕಿಂಡಿಯಲ್ಲಿ ವಾಪಸ್ ತಳ್ಳಿದಳು.

"ಸಾರ್, ಇದನ್ನ ಬಾಯಲ್ಲಿ ಹೇಳಿ," ಎಂದಳು. "ನಾನು ಕಾಯ್ತೀನಿ."