ಐದು ಅಥವಾ ಆರು

ಆಶಾರಾಣಿಗೆ ಪಾಠ ಹೇಳಿದ ಮೇಷ್ಟ್ರು ಪ್ರಶ್ನೆಪತ್ರಿಕೆ ತಯಾರಿಸುವವರಿಗೆಂದು ಒಂದು ಲೆಕ್ಕ ಕೊಟ್ಟಿದ್ದರು. ಪ್ರಶ್ನೆಯನ್ನು ನೀನೇ ಗಡಿಯಾರ ಇಟ್ಟುಕೊಂಡು ಬಿಡಿಸು, ಎಷ್ಟು ನಿಮಿಷವಾಯಿತೋ ಅದನ್ನು ಮೂರರಿಂದ ಗುಣಿಸು, ಅಷ್ಟು ಹೊತ್ತು ವಿದ್ಯಾರ್ಥಿಗೆ ಬೇಕು. 'ಅಥವಾ' ಎಂಬ ಪದದ ಮೇಲಿನ ಪ್ರಶ್ನೆಗೂ ಕೆಳಗಿನ ಪ್ರಶ್ನೆಗೂ ಈ ಗುಣಲಬ್ಧ ಒಂದೇ ಆಗಿರಬೇಕು. ಅಂಕ ಸಮ ಮಾಡುವುದು ಯಾರಿಗಾದರೂ ಬರುತ್ತದೆ, ಹೊತ್ತು ಸಮ ಮಾಡುವುದೇ ಕಷ್ಟ ಎನ್ನುತ್ತಿದ್ದರು ಅವರು.

ಆಶಾರಾಣಿ ಹಗಲು ಒಂದು ಬೇರಿಂಗ್ ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿ ದುಡಿಯುತ್ತ, ಸಂಜೆ ಓದಿ ಡಿಪ್ಲೊಮಾ ಮುಗಿಸಿದವಳು. ಆಮೇಲೆ ಎಂಜಿನಿಯರಿಂಗನ್ನೂ ಸಂಜೆಯೇ ಓದಿದಳು. ಈಗ ನಾಗಸಂದ್ರದ ಒಳರಸ್ತೆಯಲ್ಲಿರುವ ಒಂದು ಸಂಜೆ ಪಾಲಿಟೆಕ್ನಿಕ್‌ನಲ್ಲಿ ಅತಿಥಿ ಉಪನ್ಯಾಸಕಿ. ಪರೀಕ್ಷೆಗಳನ್ನು ಸಂಸ್ಥೆಯೇ ನಡೆಸುತ್ತಿತ್ತು. ಪೀಣ್ಯದ ಶೆಡ್ಡುಗಳಲ್ಲಿ ಹಗಲೆಲ್ಲ ಕಬ್ಬಿಣ ಕುಯ್ದು, ಕೈಯಲ್ಲಿ ಆಯಿಲ್ ವಾಸನೆ ಉಳಿಸಿಕೊಂಡೇ ಆರು ಗಂಟೆಗೆ ಬಂದು ಕೂರುವ ಐವತ್ತೆಂಟು ಮಂದಿ ಅವಳ ತರಗತಿಯಲ್ಲಿದ್ದರು. ತಾನು ಕಲಿಸಿದ್ದು ಸರಿಯಾಯಿತೋ ಇಲ್ಲವೋ ಎಂಬ ಅನುಮಾನ ಇಪ್ಪತ್ತು ವರ್ಷ ಕಳೆದರೂ ಅವಳನ್ನು ಬಿಟ್ಟಿರಲಿಲ್ಲ.

ಆ ವರ್ಷ 'ಸ್ಟ್ರೆಂತ್ ಆಫ್ ಮೆಟೀರಿಯಲ್ಸ್' ಪತ್ರಿಕೆ ಅವಳ ಪಾಲಿಗೆ ಬಂತು. ಐದು ಘಟಕ, ಪ್ರತಿ ಘಟಕಕ್ಕೆ ಇಪ್ಪತ್ತು ಅಂಕದ ಎರಡು ಪ್ರಶ್ನೆ, ಯಾವುದಾದರೂ ಒಂದಕ್ಕೆ ಉತ್ತರ. ಮೂರು ಗಂಟೆಯ ಪರೀಕ್ಷೆ, ಒಂದೊಂದು ಉತ್ತರಕ್ಕೆ ಮೂವತ್ತಾರು ನಿಮಿಷ. ಪತ್ರಿಕೆಯ ಜೊತೆಗೆ ಮಾದರಿ ಉತ್ತರ, ಮತ್ತೆ ಒಂದು ಕೋಷ್ಟಕ: ಯಾವ ಘಟಕ, ಯಾವ ಮಟ್ಟ, ಎಷ್ಟು ಅಂಕ, ಎಷ್ಟು ನಿಮಿಷ. ಅವಳು ಹತ್ತೂ ಪ್ರಶ್ನೆಗಳನ್ನು ಗಡಿಯಾರ ಇಟ್ಟು ಬಿಡಿಸಿದ್ದಳು. ಮೂರನೇ ಘಟಕದ ಐದನೇ ಪ್ರಶ್ನೆ, ಆರು ಮೀಟರಿನ ಬೀಮ್, ಎರಡು ತುದಿಗೆ ಆಧಾರ, ಮೇಲೆ ಎರಡು ಭಾರ. ಆರನೇದೂ ಅಂಥದ್ದೇ, ಒಂದು ಭಾರದ ಬದಲು ಉದ್ದಕ್ಕೂ ಹರಡಿದ ಭಾರ. ಎರಡಕ್ಕೂ ಅವಳಿಗೆ ಹನ್ನೊಂದು ಹನ್ನೆರಡು ನಿಮಿಷ. ಎರಡರ ಎದುರೂ ಮೂವತ್ತೈದು ಎಂದು ಬರೆದಳು.

ಪರೀಕ್ಷಾ ವಿಭಾಗದ ಮುಖ್ಯಸ್ಥ ಪಟ್ಟಾಭಿರಾಮ, ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಗುಣಮಟ್ಟ ನೋಡಿ ನಿವೃತ್ತರಾದವರು. ಕನ್ನಡಕ ಹಣೆಗೆ ಏರಿಸಿ ಪತ್ರಿಕೆ ನೋಡಿದರು.

"ಆಶಾರಾಣಿ ಅವರೇ, ಐದೂ ಆರೂ ಅವಳಿ ಮಕ್ಳ ಥರ ಇದಾವಲ್ಲ. ಒಂದೇ ತಿಂಡಿನ ಎರಡು ತಟ್ಟೇಲಿ ಇಟ್ರೆ ಆಯ್ಕೆ ಅಂತಾರಾ?"

"ಸಮ ಇರ್ಲಿ ಅಂತ ಸಾರ್."

"ಸಮ ಇರ್ಲಮ್ಮ, ಒಂದೇ ಆಗ್ಬಾರ್ದು. ಒಂದನ್ನ ಬದಲಾಯಿಸಿ. ಪ್ರಿಂಟಿಗೆ ಇವತ್ತೇ ಕೊಡ್ಬೇಕು."

ಅವರ ಮೇಜಿನ ತುದಿಯಲ್ಲೇ ಕೂತು ಅವಳು ಆರನೇ ಪ್ರಶ್ನೆಯನ್ನು ಬದಲಿಸಿದಳು. ಬೀಮ್ ಎಂಟು ಮೀಟರ್, ಆಧಾರ ಮೊದಲ ತುದಿಗೆ ಮತ್ತು ಆರನೇ ಮೀಟರಿಗೆ, ಉಳಿದ ಎರಡು ಮೀಟರ್ ಹೊರಗೆ ಚಾಚಿದ್ದು. ಮೀಟರಿಗೆ ಹತ್ತು ಕಿಲೋನ್ಯೂಟನ್‌ನಂತೆ ಉದ್ದಕ್ಕೂ ಭಾರ, ಎರಡನೇ ಮೀಟರಿನಲ್ಲಿ ಇನ್ನೊಂದು ಇಪ್ಪತ್ತು. ಬೀಮ್ ಬಾಗುವ ದಿಕ್ಕು ಬದಲಾಗುವ ಬಿಂದುವನ್ನೂ ಕಂಡುಹಿಡಿಯಿರಿ. ಆಧಾರಗಳು ಹೊರುವ ಭಾರ ನಲವತ್ತು ಮತ್ತು ಅರವತ್ತು ಎಂದು ಚೊಕ್ಕವಾಗಿ ಬಂತು. ಸಂಖ್ಯೆ ಚೊಕ್ಕವಾಗಿದ್ದರೆ ಪ್ರಶ್ನೆ ಸುಲಭ ಎನಿಸುತ್ತದೆ. ಉತ್ತರವನ್ನು ಚುಟುಕಾಗಿ ಬರೆದು ತಾಳೆ ನೋಡಿದಳು. ಗಡಿಯಾರ ನೋಡಲಿಲ್ಲ. ಕೋಷ್ಟಕದಲ್ಲಿ ಮೂವತ್ತೈದು ಮೊದಲೇ ಇತ್ತು, ಅದು ಹಾಗೇ ಉಳಿಯಿತು. ಲಕೋಟೆಗೆ ಅರಗು ಬಿತ್ತು.

ಫಲಿತಾಂಶ ಬಂದ ವಾರಕ್ಕೆ ಆರನೇ ಪ್ರಶ್ನೆಗೆ ಹೊತ್ತು ಸಾಲಲಿಲ್ಲವೆಂದು ಹದಿನಾಲ್ಕು ಸಹಿಗಳ ಒಂದು ಅರ್ಜಿ ಬಂತು. ಪಟ್ಟಾಭಿರಾಮರು ಅವಳನ್ನು ಕರೆಸಿ ಒಂದು ಹಾಳೆ ಮುಂದಿಟ್ಟರು. ಐದನೇ ಪ್ರಶ್ನೆಯನ್ನು ಮೂವತ್ತೇಳು ಮಂದಿ ಆರಿಸಿದ್ದರು, ಸರಾಸರಿ ಹದಿನಾಲ್ಕು ಅಂಕ. ಆರನೇದನ್ನು ಇಪ್ಪತ್ತೊಂದು ಮಂದಿ, ಸರಾಸರಿ ಆರು.

"ಎರಡೂ ಸಮ ಇತ್ತು, ಅಭ್ಯರ್ಥಿಗಳ ತಯಾರಿ ಸಾಲ್ದು ಅಂತ ನಾಲ್ಕು ಸಾಲು ಬರ್ಕೊಡಿ. ಪರೀಕ್ಷಾ ಸಮಿತಿ ಅಲ್ಲಿಗೆ ಮುಗಿಸತ್ತೆ," ಎಂದರು.

"ಸಮ ಇತ್ತೋ ಇಲ್ವೋ ನೋಡ್ಬೇಕಲ್ಲ ಸಾರ್."

"ಈಗ ನೋಡೋದೇನು? ಇರ್ಲಿಲ್ಲ ಅಂತ ಬರೆದ್ರೆ ಪತ್ರಿಕೆ ತಯಾರಿಸೋರ ಪ್ಯಾನಲ್‌ನಿಂದ ನಿಮ್ಮ ಹೆಸರು ಹೋಗತ್ತೆ. ಜೂನ್‌ನಲ್ಲಿ ನಿಮ್ಮ ನೇಮಕಾತಿ ನವೀಕರಣ ಇದೆ. ನಾನು ಹೆದರಿಸ್ತಿಲ್ಲ, ಮಗಳ ಥರ ಹೇಳ್ತಿದೀನಿ."

ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಯ ಗಡಿಯಾರವನ್ನು ಮೇಜಿನ ಮೇಲಿಟ್ಟು ಆರನೇ ಪ್ರಶ್ನೆಯನ್ನು ಪರೀಕ್ಷೆಗೆ ಬರೆಯುವವರ ಹಾಗೆ, ಚಿತ್ರ ಸಮೇತ, ಒಂದು ಹಂತವೂ ಬಿಡದೆ ಬರೆದಳು. ಬಿಂದು ಸಿಗಬೇಕಾದರೆ ವರ್ಗ ಸಮೀಕರಣ ಬಿಡಿಸಬೇಕಿತ್ತು. ಮುಗಿದಾಗ ಇಪ್ಪತ್ತೊಂದು ನಿಮಿಷ. ಮೂರರಿಂದ ಗುಣಿಸಿದರೆ ಅರವತ್ಮೂರು. ಐದನೇದಕ್ಕೆ ಮೂವತ್ತೈದು. ಇಪ್ಪತ್ತೊಂದು ಜನರಿಗೆ ಅವಳು ಹತ್ತಿರ ಹತ್ತಿರ ಅರ್ಧ ಗಂಟೆ ಕಡಿಮೆ ಕೊಟ್ಟಿದ್ದಳು.

ಎರಡು ಪ್ರಶ್ನೆಗಳೂ ಸಮನಾಗಿರಲಿಲ್ಲ, ಕೊನೆಗೆ ಬದಲಿಸಿದ ಪ್ರಶ್ನೆಯ ಹೊತ್ತನ್ನು ನಾನು ಅಳೆಯಲಿಲ್ಲ, ತಪ್ಪು ನನ್ನದು ಎಂದು ಬರೆದುಕೊಟ್ಟಳು. ಬರೆಯುವಾಗ ಎರಡು ಸಲ ಹಾಳೆ ಬದಲಿಸಿದಳು.

ಸಮಿತಿ ಬೇಗನೇ ಸೇರಿತು. ಆರನೇ ಪ್ರಶ್ನೆಯ ಉತ್ತರ ಮೌಲ್ಯಮಾಪನಗೊಂಡ ಎಲ್ಲರಿಗೂ ಎಂಟು ಅಂಕ ಸೇರಿಸತಕ್ಕದ್ದು, ಆ ಪ್ರಶ್ನೆಗೆ ಒಟ್ಟು ಇಪ್ಪತ್ತು ಮೀರಬಾರದು. ಆಶಾರಾಣಿಯನ್ನು ಮೂರು ವರ್ಷ ಪ್ರಶ್ನೆಪತ್ರಿಕೆ ಕೆಲಸದಿಂದ ದೂರವಿಡತಕ್ಕದ್ದು. ನೇಮಕಾತಿಯ ವಿಷಯ ಜೂನ್‌ಗೆ. ಒಂಬತ್ತು ಮಂದಿ ಪಾಸಾದರು. ಅವರಲ್ಲೊಬ್ಬ, ಗ್ರೈಂಡಿಂಗ್ ಮಾಡುವ ಲೋಕೇಶ, ಕಾರಿಡಾರಿನಲ್ಲಿ ಅಡ್ಡ ಸಿಕ್ಕು ನಕ್ಕ.

"ಮೇಡಂ, ನಿಮ್ ತಪ್ಪಿಂದಾನೇ ಪಾಸಾದೆ. ವರ್ಷಾ ವರ್ಷಾ ಹಿಂಗೇ ಮಾಡ್ತಿರಿ."

ಅವಳಿಗೂ ಸ್ವಲ್ಪ ನಗು ಬಂತು. ಕಳೆದ ಹತ್ತು ದಿನಗಳಲ್ಲಿ ಮೊದಲ ಸಲ.

ಎರಡು ದಿನ ಬಿಟ್ಟು ವೆಂಕಟೇಶಪ್ಪ ಬಂದ. ನಲವತ್ತಾರರ ಆಸಾಮಿ, ತುಮಕೂರು ರಸ್ತೆಯಾಚೆಯ ಹಳ್ಳಿಯವನು, ಕ್ರೇನ್ ತಯಾರಿಸುವ ಶೆಡ್ಡೊಂದರಲ್ಲಿ ವೆಲ್ಡರ್. ಡಿಪ್ಲೊಮಾಕ್ಕೆ ಸೇರಿ ಆರು ವರ್ಷವಾಗಿತ್ತು. ಆರು ವರ್ಷ ದಾಟಿದರೆ ನೋಂದಣಿ ರದ್ದು, ಮತ್ತೆ ಮೊದಲಿನಿಂದ. ಉಳಿದಿದ್ದದ್ದು ಇದೊಂದೇ ವಿಷಯ. ಈ ತಿಂಗಳೊಳಗೆ ಸರ್ಟಿಫಿಕೇಟ್ ತಂದರೆ ಫೋರ್‌ಮನ್ ಮಾಡುತ್ತೇವೆಂದು ಕಂಪನಿ ಹೇಳಿತ್ತು. ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರು.

"ಮೇಡಂ, ನಂಗೆ ಎಂಟು ಅಂಕ ಬಂದಿಲ್ಲ. ಮೂವತ್ತಾರೇ ಐತೆ," ಎಂದ. ಪಾಸಿಗೆ ನಲವತ್ತು ಬೇಕಿತ್ತು.

"ನೀವು ಆರನೇದು ಬರೆದಿದ್ರಾ?"

"ಬರ್ದಿದ್ದೆ."

ಉತ್ತರಪತ್ರಿಕೆಯ ಜೆರಾಕ್ಸ್ ತಂದಿದ್ದ. ಅವಳು ಹಾಳೆ ತಿರುವಿದಳು. ಆರನೇ ಪ್ರಶ್ನೆಗೆ ಎರಡು ಪುಟ ತುಂಬ ಬರೆದಿದ್ದ. ಚಿತ್ರ ನೇರವಾಗಿತ್ತು, ಆಧಾರದ ಭಾರ ಎರಡೂ ಸರಿ. ಎರಡೂ ಪುಟಗಳ ಮೇಲೆ, ಮೂಲೆಯಿಂದ ಮೂಲೆಗೆ, ಸ್ಕೇಲ್ ಇಟ್ಟು ಎಳೆದ ಒಂದೊಂದು ಗೆರೆ. ಮುಂದಿನ ಪುಟದಲ್ಲಿ ಐದನೇ ಪ್ರಶ್ನೆ ಶುರುವಾಗಿ ಅರ್ಧಕ್ಕೆ ನಿಂತಿತ್ತು. ಅದಕ್ಕೆ ಏಳು ಅಂಕ.

"ಹೊಡೆದುಹಾಕಿದ್ದು ಯಾಕೆ?"

"ಗಂಟೆ ನೋಡ್ದೆ, ಒಂದು ಗಂಟೆ ಅದಕ್ಕೇ ಓಗಿತ್ತು. ಆಗಕಿಲ್ಲ ಅಂತ ಐದಕ್ಕೆ ಬಂದೆ. ನೀವೇ ಯೋಳಿದ್ರಲ್ಲ, ಎರಡೂ ಬರೆದ್ರೆ ಬ್ಯಾಡದ್ದನ್ನ ಚೊಕ್ಕವಾಗಿ ಒಡೀರಿ, ಇಲ್ಲಾಂದ್ರೆ ನೋಡೋರು ಮೊದಲ್ನೇದನ್ನೇ ಇಡ್ಕತಾರೆ ಅಂತ. ಅದಕ್ಕೇ ಸ್ಕೇಲ್ ಇಟ್ಟು ಒಡೆದೆ."

ಹೇಳಿದ್ದಳು. ಪ್ರತಿ ವರ್ಷ, ಪರೀಕ್ಷೆಯ ಹಿಂದಿನ ತರಗತಿಯಲ್ಲಿ, ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿಯೇ ಹೇಳುತ್ತಿದ್ದಳು. ಅವಳು ಆ ಎರಡು ಪುಟಗಳಿಗೆ ಮನಸ್ಸಿನಲ್ಲೇ ಅಂಕ ಹಾಕಿದಳು. ಹತ್ತಕ್ಕೆ ಕಡಿಮೆಯಿಲ್ಲ. ಅದಕ್ಕೆ ಎಂಟು ಸೇರಿದರೆ ಹದಿನೆಂಟು. ಏಳು ತೆಗೆದು ಹದಿನೆಂಟು ಇಟ್ಟರೆ ಒಟ್ಟು ನಲವತ್ತೇಳು.

ಜೆರಾಕ್ಸ್ ಹಿಡಿದು ಪಟ್ಟಾಭಿರಾಮರ ಕೋಣೆಗೆ ಹೋದಳು. ಅವರು ಗೆರೆ ಎಳೆದ ಎರಡೂ ಪುಟ ತಿರುವಿ ನೋಡಿದರು.

"ಹೊಡೆದುಹಾಕಿದ ಉತ್ತರಕ್ಕೆ ಮೌಲ್ಯಮಾಪನ ಇಲ್ಲಮ್ಮ. ಸಮಿತಿ ಆದೇಶದಲ್ಲೂ ಮೌಲ್ಯಮಾಪನಗೊಂಡ ಉತ್ತರ ಅಂತಲೇ ಇದೆ."

"ಅವರು ಹೊಡೆದಿದ್ದೇ ಪ್ರಶ್ನೆ ಸರಿ ಇರ್ಲಿಲ್ಲ ಅಂತ ಸಾರ್. ಅತಿ ಹೆಚ್ಚು ಪೆಟ್ಟು ಬಿದ್ದಿರೋದು ಅವರಿಗೇ."

"ಗೊತ್ತು. ಆದ್ರೆ ಒಬ್ಬರ ಗೆರೆ ಅಳಿಸಿದ್ರೆ ಐವತ್ತೆಂಟು ಜನರ ಗೆರೆ ಅಳಿಸ್ಬೇಕು. ಯಾರು ಯಾಕೆ ಹೊಡೆದ್ರು ಅಂತ ನಾನು ಹೇಗೆ ಅಳೀಲಿ?" ಹಾಳೆ ಹಿಂದಕ್ಕೆ ಕೊಟ್ಟರು. "ಅವತ್ತು ನಾನು ಪ್ರಶ್ನೆ ಬದಲಾಯಿಸಿ ಅನ್ಬಾರ್ದಿತ್ತು ಅಂತ ನಿಮಗೆ ಅನ್ಸಿರ್ಬಹುದು."

"ಬದಲಾಯಿಸಿದ್ದು ತಪ್ಪಲ್ಲ ಸಾರ್. ಗಡಿಯಾರ ನೋಡ್ದೇ ಇದ್ದದ್ದು."

ಆದರೂ ಅವಳು ಮನವಿ ಬರೆದಳು, ಸಮಿತಿಯ ಮೂವರು ಸದಸ್ಯರ ಬಾಗಿಲಿಗೂ ಹೋದಳು. ನಾಲ್ಕನೇ ದಿನ ಎರಡು ಸಾಲಿನ ಉತ್ತರ ಬಂತು: ನಿಯಮದಲ್ಲಿ ಅವಕಾಶವಿಲ್ಲ.

ಜೂನ್ ಮೊದಲ ವಾರ, ಆಶಾರಾಣಿಯ ನವೀಕರಣದ ಆದೇಶ ಇನ್ನೂ ಬಂದಿರದಿದ್ದಾಗ, ವೆಂಕಟೇಶಪ್ಪ ತನ್ನ ಮೂಲ ಮಾರ್ಕ್ಸ್‌ಕಾರ್ಡುಗಳನ್ನು ವಾಪಸು ಪಡೆಯಲು ಬಂದಿದ್ದ. ಕೆಲಸ ಮುಗಿಸಿ ತರಗತಿಯ ಬಾಗಿಲಲ್ಲಿ ನಿಂತ. ಪಾಠ ಇನ್ನೂ ಶುರುವಾಗಿರಲಿಲ್ಲ.

"ಫೋರ್‌ಮನ್ ಬೇರೆಯೋರು ಬಂದ್ರು ಮೇಡಂ. ಹುಡ್ಗ, ಇಪ್ಪತ್ತಾರು. ಒಳ್ಳೇವ್ನೇ."

"ಮತ್ತೆ ಸೇರ್ಕೊಳ್ಳಿ ವೆಂಕಟೇಶಪ್ಪ. ಫಾರಂ ನಾನೇ ತುಂಬ್ತೀನಿ."

"ಇನ್ ಮೂರು ವರ್ಷ ಅಂದ್ರೆ ಐವತ್ತತ್ರ. ಬುಡಿ." ಬೋರ್ಡಿನ ಕಡೆ ನೋಡಿ ಕೇಳಿದ. "ಆ ಲೆಕ್ಕ ಎಂಗೆ ಮುಗಿಯುತ್ತೆ ಮೇಡಂ? ನಾನು ಎಕ್ಸ್ ಸ್ಕ್ವೇರ್ ತಂಕ ಬಂದಿದ್ದೆ."

ಅವಳು ಗಡಿಯಾರ ನೋಡಿಕೊಂಡು ಬೋರ್ಡಿಗೆ ಹೋದಳು. ಚಿತ್ರ ಬರೆದಳು, ಭಾರ ಬರೆದಳು, ನಲವತ್ತು, ಅರವತ್ತು. ಒಂದು ಹಂತವೂ ಬಿಡಲಿಲ್ಲ. ಎಕ್ಸ್ ವರ್ಗದಿಂದ ನಾಲ್ಕು ಎಕ್ಸ್ ಕಳೆದು, ಎಂಟು ಕಳೆದರೆ ಸೊನ್ನೆ. ಎರಡಕ್ಕೆ ಹನ್ನೆರಡರ ವರ್ಗಮೂಲ ಕೂಡಿದರೆ ಐದು ಬಿಂದು ನಾಲ್ಕು ಆರು. ಬೀಮಿನ ಮೇಲೆ ಎರಡನೇ ಆಧಾರಕ್ಕೆ ಸ್ವಲ್ಪ ಒಳಗೆ ಒಂದು ಚುಕ್ಕೆ ಇಟ್ಟಳು. "ಇಲ್ಲಿ ಬೀಮ್ ಮೇಲಕ್ಕೂ ಬಾಗಲ್ಲ, ಕೆಳಕ್ಕೂ ಬಾಗಲ್ಲ."

ವೆಂಕಟೇಶಪ್ಪ ಹತ್ತಿರ ಬಂದು ಆ ಚುಕ್ಕೆ ನೋಡಿದ.

"ನಮ್ ಶೆಡ್ಡಲ್ಲಿ ಇಂಥ ಗರ್ಡರ್ ಮಾಡ್ತೀವಿ ಮೇಡಂ, ಅದಕ್ಕೇ ಆರನೇದು ತಗಂಡಿದ್ದು, ಕಂಡಿರೋದು ಅಂತ. ಡ್ರಾಯಿಂಗಲ್ಲಿ ಜಾಯಿಂಟು ಇಲ್ಲೇ ಎಲ್ಲೋ ಕೊಟ್ಟಿರ್ತಾರೆ. ಆಧಾರದ್ ಮ್ಯಾಲೆ ಯಾಕ್ ಕೊಡಲ್ಲ ಅಂತ ಇಷ್ಟು ವರ್ಷ ಗೊತ್ತಿರ್ಲಿಲ್ಲ."

"ಇದಕ್ಕೇ. ಬಾಗದ ಕಡೆ ಜಾಯಿಂಟಿಗೆ ಬಾಗೋ ಪೆಟ್ಟು ಬೀಳಲ್ಲ."

"ಊಂ. ಇದಕ್ಕೇ."

ಅವನು ಮಾರ್ಕ್ಸ್‌ಕಾರ್ಡುಗಳ ಕವರನ್ನು ಕಂಕುಳಲ್ಲಿ ಸರಿಮಾಡಿಕೊಂಡು ಹೊರಟ. ಶಿಫ್ಟ್ ಮುಗಿಸಿದವರು ಒಬ್ಬೊಬ್ಬರೇ ಬಂದು ಬೆಂಚಿನಲ್ಲಿ ಕೂರತೊಡಗಿದರು. ಬೋರ್ಡಿನಲ್ಲಿದ್ದದ್ದನ್ನು ಅವರು ನೋಟ್‌ಬುಕ್ಕಿಗೆ ಬರೆದುಕೊಳ್ಳಲು ಶುರುಮಾಡಿದ್ದರಿಂದ ಆಶಾರಾಣಿ ಅಳಿಸಲು ಎತ್ತಿದ್ದ ಡಸ್ಟರ್ ಕೆಳಗಿಟ್ಟಳು. ಗೋಡೆಯ ಗಡಿಯಾರ ನೋಡಿದಳು. ಬಿಡಿಸಲು ಇಪ್ಪತ್ತೆರಡು ನಿಮಿಷ ಹಿಡಿದಿತ್ತು.