ಒಂದು ಕಾಫಿ ಬಾಕಿ

ಜೆನೋವಾ ಬಂದರಿನ ಹಿಂದಿನ ದಿಬ್ಬದ ಮೇಲಿದ್ದ ಆ ವೃದ್ಧಾಶ್ರಮದಲ್ಲಿ ಯೆಸೇನಿಯಾಗೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಪ್ರೊಬೇಷನ್ ಅವಧಿ ಮುಗಿಯಲು ಕೆಲವೇ ದಿನ ಬಾಕಿ. ಅಷ್ಟರೊಳಗೆ ಬೇಡವೆನಿಸಿದರೆ ಕಾರಣ ಕೂಡ ಹೇಳದೆ ಕಳಿಸಬಹುದು. ಕೆಲಸ ನಿಂತರೆ ಅವಳ ವಾಸದ ಪರವಾನಗಿಗೂ ಸಂಚಕಾರ. ಮಗನನ್ನು ಯಾರ ಬಳಿಯಾದರೂ ಬಿಟ್ಟು, ಮತ್ತೆ ಯಾರದೋ ಮನೆಯ ಹಿತ್ತಿಲ ಕೋಣೆಯಲ್ಲಿ ಮಲಗಿ, ಹಗಲೂ ಇರುಳೂ ಒಬ್ಬ ಮುದುಕಿಯನ್ನು ಕಾಯಬೇಕು. ಈಕ್ವೆಡಾರ್‌ನಿಂದ ಬಂದ ಹೊಸದರಲ್ಲಿ ಅದನ್ನು ಮಾಡಿ ಅವಳಿಗೆ ಸಾಕುಬೇಕಾಗಿತ್ತು.

ಆ ಮಧ್ಯಾಹ್ನ ಅವಳು ಪಾಳಿಗೆ ಬಂದು ಬಾಗಿಲಲ್ಲಿ ಕಾಲಿಟ್ಟಿದ್ದಳಷ್ಟೆ, ಶಾಲೆಯಿಂದ ಫೋನ್ ಬಂತು. ಮಗ ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡಿದ್ದ. ಬೆಳಗಿನ ಪಾಳಿ ಮುಗಿಸಿ ಕೋಟು ತೊಡುತ್ತಿದ್ದ ಟಿಜಿಯಾನಾ ಅವಳ ಮುಖ ನೋಡಿ, ತೊಟ್ಟ ಕೋಟನ್ನು ಮತ್ತೆ ಗೂಟಕ್ಕೆ ಹಾಕಿದಳು.

"ಓಡೇ, ನಿಂತ್ಕೊಂಡು ಏನ್ ನೋಡ್ತಿದ್ದೀಯ? ನಿನ್ ಪಾಳಿ ನಾನ್ ಮಾಡ್ತೀನಿ."

"ಮೇಡಂಗೆ ಹೇಳ್ಬೇಕಲ್ಲ?"

"ಅವ್ರು ಇವತ್ತು ಇಲ್ಲ. ಅದೆಲ್ಲ ನಾನ್ ನೋಡ್ಕೋತೀನಿ, ನೀನ್ ನಡಿ."

ನೋಡಿಕೊಂಡಳು, ತನಗೆ ತಿಳಿದ ರೀತಿಯಲ್ಲಿ. ಖಾಯಂ ಆಗುವ ಹೊತ್ತಿಗೆ ಗೈರುಹಾಜರಿ ಬಿದ್ದರೆ ಹುಡುಗಿಯ ಕೆಲಸಕ್ಕೆ ಕಲ್ಲು ಬೀಳುತ್ತದೆಂದು ಗೋಡೆಯ ಗೂಡಿನಿಂದ ಯೆಸೇನಿಯಾಳ ಕಾರ್ಡು ತೆಗೆದು ಹಾಜರಿ ಯಂತ್ರಕ್ಕೆ ತೋರಿಸಿದಳು. ತನ್ನ ಕಾರ್ಡನ್ನು ಮನೆಗೆ ಹೋದಂತೆ ಒತ್ತಿದಳು. ಯೆಸೇನಿಯಾಳ ಹೆಸರಿನಲ್ಲಿ ಸಂಜೆಯವರೆಗೆ ಮುದುಕರ ಬೆನ್ನುಜ್ಜಿ, ಸೂಪು ಕುಡಿಸಿ, ಹೊರಗೆ ಹೋಗುವಾಗಲೂ ಅವಳ ಕಾರ್ಡನ್ನೇ ಒತ್ತಿದಳು. ಇನ್ನೊಬ್ಬರ ಕಾರ್ಡು ಒತ್ತುವುದು ಇಟಲಿಯಲ್ಲಿ ನೌಕರಿಗೆ ಎಳ್ಳುನೀರು ಬಿಡುವಂಥ ತಪ್ಪು. ಟಿಜಿಯಾನಾಗೆ ಅದು ಗೊತ್ತಿತ್ತು. ಯೆಸೇನಿಯಾಗೆ ಕಾರ್ಡಿನ ವಿಷಯವೇ ಗೊತ್ತಿರಲಿಲ್ಲ. ಟಿಜಿಯಾನಾ ಮೇಡಂಗೆ ಫೋನಿನಲ್ಲಿ ಹೇಳಿ ಅನುಮತಿ ಪಡೆದಿರಬೇಕೆಂದುಕೊಂಡಿದ್ದಳು. ಕಾರ್ಡು ಒತ್ತಿದ್ದನ್ನು ಕಣ್ಣಾರೆ ಕಂಡವಳು ಒಬ್ಬಳೇ, ಇವಾನಾ.

ಇವಾನಾ ಹಳೇ ಹುಲಿ. ರಾತ್ರಿ ಪಾಳಿಯಿಲ್ಲದ, ಬರೀ ಬೆಳಗಿನ ಕೆಲಸದ ಜಾಗವೊಂದು ಖಾಲಿಯಾಗುವುದರಲ್ಲಿತ್ತು. ನೋಯುವ ಸೊಂಟ ಹಿಡಿದುಕೊಂಡು ಅವಳು ಅದಕ್ಕೇ ಕಾಯುತ್ತಿದ್ದಳು. ಆದರೆ ಅದು ಟಿಜಿಯಾನಾಗೆ ಎಂಬ ಗುಸುಗುಸು ಎದ್ದಿತ್ತು. ಆ ಸಂಕಟಕ್ಕೆ ಇವಾನಾ ಒಂದು ಗುಟುಕು ನೀರನ್ನೂ ನೆಮ್ಮದಿಯಿಂದ ಕುಡಿಯುತ್ತಿರಲಿಲ್ಲ.

ಮಾರನೆಯ ದಿನ ಯೆಸೇನಿಯಾ ಅವಳನ್ನೇ ಕೇಳಿದಳು. ದೊಡ್ಡವಳು, ಇಲ್ಲಿನವಳು, ತನ್ನನ್ನು "ಬಂಗಾರ" ಎಂದು ಕರೆಯುವವಳು. ಇನ್ಯಾರನ್ನು ಕೇಳುತ್ತಾಳೆ?

"ಟಿಜಿಯಾನಾಗೆ ಥ್ಯಾಂಕ್ಸ್ ಹೇಳ್ಬೇಕು. ಇಲ್ಲಿ ಅದನ್ನ ಹೇಗ್ ಹೇಳ್ತಾರೆ? ನನಗೆ ತಪ್ಪು ಮಾತಾಡೋಕೆ ಇಷ್ಟ ಇಲ್ಲ."

ಇವಾನಾ ಅವಳ ಕೈ ಹಿಡಿದು ಕೂರಿಸಿಕೊಂಡಳು. "ಒಳ್ಳೇದ್ ಕೇಳಿದೆ ನೋಡು ಬಂಗಾರ. ಮೂಲೇಲಿ ನಿಂತು ಪಿಸುಗುಟ್ಟಿದ್ರೆ ಇಲ್ಲಿ ಅದಕ್ಕೆ ಬೆಲೆ ಇಲ್ಲ. ಪಾಳಿ ಒಪ್ಪಿಸೋ ಹೊತ್ತಲ್ಲಿ, ಎಲ್ಲರ ಮುಂದೆ, ಮೇಡಂ ಇರುವಾಗ ಹೇಳ್ಬೇಕು. ಯಾವತ್ತು, ಯಾವ ಪಾಳಿ, ಯಾಕೆ, ಎಲ್ಲಾ ಬಿಡಿಸಿ ಹೇಳು. 'ನೀವು' ಅನ್ನು. ಹೆಸರಿನ ಮುಂದೆ ಸಿನ್ಯೋರಾ ಅಂತ ಸೇರಿಸು. ಮೇಡಂಗೂ ಅವಳ ಒಳ್ಳೇತನ ಗೊತ್ತಾಗ್ಲಿ."

"ಅವಳು ಬೇಡ ಅಂದ್ರೆ?"

"ಬೇಡ ಅಂದೇ ಅಂತಾಳೆ. ಇಲ್ಲಿ ಥ್ಯಾಂಕ್ಸ್ ಹೇಳಿದ್ರೆ 'ಅಯ್ಯೋ ಬಿಡು' ಅನ್ನೋದು ಮರ್ಯಾದೆ. ನೀನ್ ನಿಲ್ಲಿಸ್ಬಾರ್ದು ಅಷ್ಟೇ."

ಅರ್ಧ ಸುಳ್ಳಿಗೆ ಅರ್ಧ ನಿಜ ಬೆರೆಸುವ ಕಲೆ ಎಲ್ಲರಿಗೂ ಬರುವುದಿಲ್ಲ. "ಅಯ್ಯೋ ಬಿಡು" ಅನ್ನುವುದು ಇಲ್ಲಿನ ಮರ್ಯಾದೆಯೇ, ಯೆಸೇನಿಯಾ ಕಾಫಿ ಅಂಗಡಿಯಲ್ಲಿ, ಬಸ್ಸಿನಲ್ಲಿ ಕೇಳಿದ್ದಳು. ಆದ್ದರಿಂದ ಉಳಿದದ್ದನ್ನೂ ನಂಬಿದಳು. ಮನೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಮಗನನ್ನೇ ಟಿಜಿಯಾನಾ ಮಾಡಿ ಕೂರಿಸಿ, ಮಾತನ್ನು ಬಾಯಿಪಾಠ ಮಾಡಿದಳು.

ಶುಕ್ರವಾರ ಮೇಲ್ವಿಚಾರಕಿ ಪಾರೋಡಿ ಮೇಡಂ ತಾವೇ ಪಾಳಿ ಬದಲಾವಣೆಗೆ ಬಂದು ಕೂತಿದ್ದರು. ಯೆಸೇನಿಯಾ ಬೇಕರಿಯಿಂದ ತಂದ ಬಿಸ್ಕತ್ತಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಎದ್ದು ನಿಂತಳು.

"ಸಿನ್ಯೋರಾ ಟಿಜಿಯಾನಾ, ನಿಮಗೆ ಎಲ್ಲರ ಮುಂದೆ ನನ್ನ ಕೃತಜ್ಞತೆ."

ಟಿಜಿಯಾನಾ ತಲೆಯೆತ್ತಿದಳು. "ಅಯ್ಯೋ ಬಿಡೇ, ಅದೇನ್ ಮಹಾ."

ಹೇಳಿದಂತೆಯೇ ಆಯಿತಲ್ಲ! ಯೆಸೇನಿಯಾಗೆ ಧೈರ್ಯ ಬಂತು. "ಮಂಗಳವಾರ ಮಧ್ಯಾಹ್ನ ನನ್ನ ಮಗನಿಗೆ ಏಟಾದಾಗ..."

"ಬಿಡು ಅಂದೆ. ಕೂತ್ಕೋ. ಏಳನೇ ಕೋಣೆಯವರ ಔಷಧಿ ವಿಷಯ ಮಾತಾಡೋಣ."

ಎಂಥ ಸಂಕೋಚದ ಹೆಂಗಸು ಎಂದು ಯೆಸೇನಿಯಾಳ ಕಣ್ಣು ತುಂಬಿತು. ದನಿ ಇನ್ನಷ್ಟು ಏರಿಸಿದಳು. "ನಾನು ಆಸ್ಪತ್ರೆಗೆ ಓಡಿದಾಗ, ನೀವು ಮನೆಗೆ ಹೋಗದೆ ನನ್ನ ಇಡೀ ಪಾಳಿ ಮಾಡಿದಿರಿ. ಇದನ್ನು ನಾನು ಮರೆಯೋದಿಲ್ಲ."

ಇವಾನಾ ಚಪ್ಪಾಳೆ ತಟ್ಟಿದಳು. ಬೇರೆ ಯಾರೂ ತಟ್ಟಲಿಲ್ಲ. ಟಿಜಿಯಾನಾಳ ಮುಖ ಸುಣ್ಣದಂತಾಗಿತ್ತು.

"ಮಂಗಳವಾರ?" ಪಾರೋಡಿ ಮೇಡಂ ಕನ್ನಡಕ ಏರಿಸಿಕೊಂಡರು. "ಮಂಗಳವಾರ ನೀನು ಇಲ್ಲೇ ಇದ್ದೆ ಅಂತ ಯಂತ್ರ ಹೇಳುತ್ತಲ್ಲ, ಯೆಸೇನಿಯಾ?"

ಸಂಜೆ ಮೇಡಂ ಯೆಸೇನಿಯಾಳನ್ನು ತಮ್ಮ ಕೋಣೆಗೆ ಕರೆದರು. ಬಾಗಿಲು ಹಾಕಿ, ಎದುರಿಗೆ ಕೂರಿಸಿ, ನೀರು ಕೊಟ್ಟು, ಬಹಳ ಮೃದುವಾಗಿ ಕೇಳಿದರು.

"ಕಾರ್ಡು ಒತ್ತೋಕೆ ನೀನು ಹೇಳಿದ್ಯಾ?"

"ಇಲ್ಲ ಮೇಡಂ, ನಿಜವಾಗ್ಲೂ ಗೊತ್ತಿರ್ಲಿಲ್ಲ."

"ಹಾಗಾದ್ರೆ ಹಾಗೇ ಬರೆದು ಸಹಿ ಹಾಕು. ಗೊತ್ತಿತ್ತು ಅಂತಾದ್ರೆ ನಾಳೆಯಿಂದ ಬರೋದು ಬೇಡ. ಗೊತ್ತಿರಲಿಲ್ಲ ಅಂದ್ರೆ, ನಿನ್ನನ್ನು ಖಾಯಂ ಮಾಡೋಕೆ ನನ್ನದೇನೂ ಅಭ್ಯಂತರ ಇಲ್ಲ."

"ಟಿಜಿಯಾನಾಗೆ ಏನಾಗುತ್ತೆ?"

"ಅದು ನಿನ್ನ ಪ್ರಶ್ನೆ ಅಲ್ಲ. ನಾನು ಸುಳ್ಳು ಬರಿ ಅಂತಿಲ್ಲ, ನಿಜ ಬರಿ ಅಂತಿದ್ದೀನಿ."

ನಿಜವೇ ಆಗಿತ್ತು. ಯೆಸೇನಿಯಾ ಮಗನನ್ನು ನೆನೆದಳು, ಹಿತ್ತಿಲ ಕೋಣೆಯನ್ನು ನೆನೆದಳು, ಪೆನ್ನು ತೆಗೆದುಕೊಂಡಳು. ಎಲ್ಲೂ ತಡೆಯದೆ ಒಂದೇ ಸಲಕ್ಕೆ ಬರೆದು ಸಹಿ ಹಾಕಿದಳು. ಆಮೇಲೆ ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಟಿಜಿಯಾನಾಗೆ ಆರೋಪಪತ್ರ ಹೋಯಿತು. ಅವಳು ಉತ್ತರ ಬರೆದಳು, ಕಾರ್ಮಿಕ ಸಂಘದವರೂ ಬಂದು ಮಾತಾಡಿದರು. ಕೊನೆಗೆ ಕೆಲಸದಿಂದ ತೆಗೆದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ತನ್ನ ಕಪಾಟು ಖಾಲಿ ಮಾಡುವಾಗ ಯೆಸೇನಿಯಾ ಹೋಗಿ ನಿಂತಳು.

"ಇವಾನಾ ಹಾಗೇ ಹೇಳ್ಬೇಕು ಅಂದ್ಲು. ನಾನು..."

"ಇವಾನಾ ಅಂದ್ಲಾ? ಸಹಿ ಹಾಕಿದ್ದೂ ಇವಾನಾನೇನಾ?"

ಟಿಜಿಯಾನಾ ಚಪ್ಪಲಿಗಳನ್ನು ಚೀಲಕ್ಕೆ ತುರುಕಿದಳು. "ಇಲ್ಲಿ ಹೇಗ್ ಹೇಳೋದು ಗೊತ್ತಾ? ಎದುರಿಗೆ ಸಿಕ್ಕಾಗ, ಮೆಲ್ಲಗೆ, 'ನಿನಗೊಂದು ಕಾಫಿ ಬಾಕಿ' ಅನ್ನೋದು, ಅಂದ್ರೆ ಕಾಫಿ ಕೊಡಿಸೋ ಋಣ ನನ್ನ ಮೇಲಿದೆ ಅಂತ. ನನಗೆ ಕಷ್ಟ ಬಂದಾಗ ನನ್ನ ಪಾಳಿ ನೀನ್ ಮಾಡೋದು. ಮುಗೀತು. ಕೈಗೂಸಿಗೂ ಗೊತ್ತು ಇದು." ಜಿಪ್ಪು ಎಳೆದಳು. "ನಿನ್ ಮಗನ ಕೈ ಹೇಗಿದೆ ಅಂತ ಕೇಳ್ಬೇಕು ಅಂದ್ಕೊಂಡಿದ್ದೆ. ಈಗ ಬೇಡ."

ಬೆಳಗಿನ ಜಾಗ ಇವಾನಾಗೆ ಸಿಕ್ಕಿತು. ಯೆಸೇನಿಯಾ ಖಾಯಂ ಆದಳು. ಊಟದ ಹೊತ್ತಲ್ಲಿ ಅವಳ ಮೇಜಿಗೆ ಯಾರೂ ತಟ್ಟೆ ತರುತ್ತಿರಲಿಲ್ಲ. ಪಾಳಿ ಬದಲಿಸಿಕೊಳ್ಳೋಣವೇ ಎಂದು ಯಾರೂ ಕೇಳುತ್ತಿರಲಿಲ್ಲ. ಮೊದಲ ಬಾರಿಗೆ ಕೇಳಿದವಳು ಇವಾನಾ.

"ನಾಳೆ ಬೆಳಿಗ್ಗೆ ನನ್ನ ಪಾಳಿ ನೋಡ್ಕೋತೀಯಾ? ಸೊಂಟ ಹಿಡ್ಕೊಂಡಿದೆ. ಮೇಡಂ ಹತ್ರ ಸಹಿ ಹಾಕಿಸ್ಕೊಂಡೇ ಬಂದಿದ್ದೀನಿ. ಈಗಿನ ಕಾಲದಲ್ಲಿ ಯಾರನ್ನೂ ನಂಬೋಕಾಗಲ್ಲ ನೋಡು."

ಒಲ್ಲೆ ಎಂಬ ಮಾತು ಯೆಸೇನಿಯಾಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇಡೀ ಆಶ್ರಮದಲ್ಲಿ ಅವಳೊಂದಿಗೆ ಮಾತಾಡುವ ಜೀವ ಇದೊಂದೇ. ಪಾಳಿ ಮಾಡಿದಳು.

ಅದರ ಮರುದಿನ ಕಾಫಿ ಯಂತ್ರದ ಬಳಿ ಇವಾನಾ ಸಿಕ್ಕಳು. ಹಿಂದೆ ಮುಂದೆ ನೋಡಿದಳು. ಮೇಡಂ ಕೋಣೆಯ ಬಾಗಿಲು ಹಾಕಿತ್ತು. ಯೆಸೇನಿಯಾಳ ಕಿವಿಯ ಹತ್ತಿರ ಬಗ್ಗಿ, ಮೆಲ್ಲಗೆ ಹೇಳಿದಳು.

"ನಿನಗೊಂದು ಕಾಫಿ ಬಾಕಿ, ಬಂಗಾರ."

ಯೆಸೇನಿಯಾ ಅವಳನ್ನೇ ದಿಟ್ಟಿಸಿದಳು. ಇವಾನಾ ನಗುತ್ತಾ ಉತ್ತರಕ್ಕೆ ಕಾಯುತ್ತಿದ್ದಳು.

"ಅಯ್ಯೋ ಬಿಡಿ, ಅದೇನ್ ಮಹಾ," ಅಂದಳು ಯೆಸೇನಿಯಾ.

"ಭೇಷ್! ಕೊನೆಗೂ ಕಲಿತೆ," ಎಂದು ಇವಾನಾ ಅವಳ ಕೆನ್ನೆ ತಟ್ಟಿ ಹೋದಳು.